ಫೋಟೋದಲ್ಲಿ ಬಂದ ರಿಬ್ಬನ್ ಲೆಕ್ಕ: ಯಾವುದರ ಮುಕ್ಕಾಲು?

ಮಗುವಿನ ಪುಸ್ತಕದ ಪುಟವೊಂದು ಫೋಟೋ ಆಗಿ ವಾಟ್ಸಾಪ್‌ನಲ್ಲಿ ಬಂದಿದೆ. ನೀವು ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸುತ್ತಿದ್ದೀರಿ, ಅಥವಾ ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿನಲ್ಲಿ ಸಿಕ್ಕಿಕೊಂಡಿದ್ದೀರಿ. ಮನೆ ತಲುಪುವಷ್ಟರಲ್ಲಿ ಲೆಕ್ಕ ತಲೆಯಲ್ಲಿ ಬಿಡಿಸಿಕೊಂಡಿರಬೇಕು. ಲೆಕ್ಕ ಹೀಗಿದೆ:

"ಸುಮಾ ಹತ್ತಿರ 2 1/4 ಮೀಟರ್ ಉದ್ದದ ರಿಬ್ಬನ್ ಇದೆ. ಅದರ 2/3 ಭಾಗವನ್ನು ಶಾಲೆಯ ವಾರ್ಷಿಕೋತ್ಸವಕ್ಕೆಂದು ಕತ್ತರಿಸಿದಳು. ಕತ್ತರಿಸಿದ ತುಂಡಿನ 3/4 ಭಾಗವನ್ನು ಹೂ ಮಾಡಲು ತೆಗೆದಿಟ್ಟಳು. ಒಂದು ಹೂವಿಗೆ 3/20 ಮೀಟರ್ ರಿಬ್ಬನ್ ಬೇಕು. ಅವಳು ಎಷ್ಟು ಹೂ ಮಾಡಬಹುದು? ಹೂವಿಗೆಂದು ತೆಗೆದಿಟ್ಟ ರಿಬ್ಬನ್‌ನಲ್ಲಿ ಎಷ್ಟು ಉಳಿಯುತ್ತದೆ?"

ಇದರಲ್ಲಿ ಎರಡು ಗುಣಾಕಾರ, ಒಂದು ಭಾಗಾಕಾರ, ಕೊನೆಯಲ್ಲಿ ಒಂದು ಬಲೆ ಇದೆ. ಗುಣಾಕಾರದ ನಿಯಮ ಬಾರದೆ ತಪ್ಪುವವರು ಕಡಿಮೆ. ಯಾವ ಭಿನ್ನರಾಶಿ ಯಾವುದರದ್ದು ಎಂಬುದನ್ನು ಬಿಟ್ಟುಬಿಡುವುದರಿಂದಲೇ ಹೆಚ್ಚು ಜನ ತಪ್ಪುತ್ತಾರೆ. ಅದಕ್ಕೂ ಮುಂಚೆ ಫೋಟೋ ಓದುವುದರಲ್ಲೇ ಎಡವುವುದುಂಟು. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಫೋಟೋ ಸರಿಯಾಗಿ ಓದಿ

ಭಿನ್ನರಾಶಿಯಲ್ಲಿ ಅಂಶ ಮತ್ತು ಛೇದದ ನಡುವೆ ಇರುವ ಅಡ್ಡಗೆರೆ ಕೂದಲೆಳೆಯಷ್ಟು ತೆಳು. ಫೋಟೋ ಓರೆಯಾಗಿದ್ದರೆ, ಕೈಯ ನೆರಳು ಬಿದ್ದಿದ್ದರೆ ಅಥವಾ ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿದ್ದರೆ ಮೊದಲು ಮಾಯವಾಗುವುದು ಆ ಗೆರೆಯೇ. ಫೋಟೋ ಮಸುಕಾಗಿದ್ದರೆ ಊಹಿಸಿ ಬಿಡಿಸಲು ಹೋಗಬೇಡಿ. ಪುಸ್ತಕವನ್ನು ಟ್ಯೂಬ್‌ಲೈಟ್ ಕೆಳಗೆ ಚಪ್ಪಟೆಯಾಗಿಟ್ಟು ನೇರ ಮೇಲಿಂದ ಇನ್ನೊಂದು ಫೋಟೋ ತೆಗೆದು, ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಹಾಗೆ ಕಳಿಸಿದರೆ ಚಿತ್ರ ಕುಗ್ಗುವುದಿಲ್ಲ. ಪ್ರಶ್ನೆಯ ಮೇಲಿನ ಎರಡು ಸಾಲೂ ಫೋಟೋದೊಳಗಿರಲಿ. "ಉತ್ತರವನ್ನು ಸೆಂಟಿಮೀಟರಿನಲ್ಲಿ ಬರೆಯಿರಿ" ಎಂಬಂಥ ಸೂಚನೆಗಳು ಹೆಚ್ಚಾಗಿ ಅಲ್ಲೇ ಇರುತ್ತವೆ.

ಈ ಲೆಕ್ಕದಲ್ಲಿ ಅತಿ ಅಪಾಯದ ಜಾಗ 2 1/4. ಇದು ಮಿಶ್ರ ಭಿನ್ನರಾಶಿ. ಅಚ್ಚಿನಲ್ಲಿ 2 ದೊಡ್ಡದಾಗಿ, ಅಡ್ಡಗೆರೆಯ ಎತ್ತರಕ್ಕೆ ಸರಿಯಾಗಿ ನಿಂತಿರುತ್ತದೆ. 1 ಮತ್ತು 4 ಸಣ್ಣದಾಗಿ ಗೆರೆಯ ಮೇಲೆ ಕೆಳಗೆ ಕೂತಿರುತ್ತವೆ. ಮಸುಕಾದ ಫೋಟೋದಲ್ಲಿ, ಅಥವಾ ಫೋಟೋದಿಂದ ಅಕ್ಷರಗಳನ್ನು ಎತ್ತಿ ಬೇರೆಡೆ ಅಂಟಿಸಿದಾಗ, ಇದು 21/4 ಆಗಿಬಿಡಬಹುದು. 21/4 ಎಂದರೆ ಐದೂಕಾಲು ಮೀಟರ್. ಮುಂದೆ ಎಲ್ಲ ಹೆಜ್ಜೆ ಸರಿಯಾಗಿ ಮಾಡಿದರೂ ಹೂಗಳ ಲೆಕ್ಕ ಏಳೂವರೆಯ ಬದಲು ಹದಿನೇಳೂವರೆ ಬರುತ್ತದೆ. ಎರಡೂ ನಂಬುವಂಥ ಉತ್ತರಗಳೇ ಆದ್ದರಿಂದ ಉತ್ತರ ನೋಡಿ ತಪ್ಪು ಹಿಡಿಯಲಾಗದು.

ಹಾಗಾದರೆ ಹೇಗೆ ಪತ್ತೆ ಹಚ್ಚುವುದು? ಅಂಕೆಗಳ ಗಾತ್ರ ನೋಡಿ. 2 ಮತ್ತು 1 ಒಂದೇ ಗಾತ್ರದಲ್ಲಿ, ಎರಡೂ ಗೆರೆಯ ಮೇಲೇ ಇದ್ದರೆ ಅದು ಇಪ್ಪತ್ತೊಂದು. 2 ದೊಡ್ಡದಾಗಿ ಪಕ್ಕದಲ್ಲಿದ್ದರೆ ಅದು ಪೂರ್ಣಾಂಕ. ಇನ್ನೊಂದು ಸುಳಿವೂ ಇದೆ. ಕಥೆ ಇರುವ ಲೆಕ್ಕಗಳಲ್ಲಿ ಉದ್ದ, ತೂಕಗಳನ್ನು ಸಾಮಾನ್ಯವಾಗಿ ಮಿಶ್ರ ರೂಪದಲ್ಲೇ ಕೊಡುತ್ತಾರೆ. "21/4 ಮೀಟರ್ ರಿಬ್ಬನ್" ಎಂದು ಬರೆಯುವವರು ಅಪರೂಪ. ಐದೂಕಾಲು ಎನ್ನಬೇಕಿದ್ದರೆ 5 1/4 ಎಂದೇ ಅಚ್ಚು ಹಾಕಿರುತ್ತಾರೆ.

ಇನ್ನು 3/20. ಕೈಬರಹದ ನೋಟ್ಸ್ ಆಗಿದ್ದರೆ 20ರ ಸೊನ್ನೆ ಅರ್ಧ ಅಳಿಸಿ 3/2 ಅನ್ನಿಸಬಹುದು. ಒಂದು ಹೂವಿಗೆ ಒಂದೂವರೆ ಮೀಟರ್ ರಿಬ್ಬನ್ ಯಾರೂ ಬಳಸುವುದಿಲ್ಲ. 3/20 ಮೀಟರ್ ಎಂದರೆ 15 ಸೆಂಟಿಮೀಟರ್, ಮಕ್ಕಳ ಜ್ಯಾಮಿಟ್ರಿ ಬಾಕ್ಸಿನ ಸ್ಕೇಲಿನಷ್ಟು. ಚಿಕ್ಕ ಹೂವಿಗೆ ಅಷ್ಟು ಸಾಕು. ಅಂಕೆಯ ಬಗ್ಗೆ ಅನುಮಾನ ಬಂದಾಗ ಹೀಗೆ ಅಳತೆಯನ್ನು ಕಣ್ಣಮುಂದೆ ತಂದುಕೊಳ್ಳುವುದು ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುವುದಕ್ಕಿಂತ ಬೇಗ ಕೆಲಸಕ್ಕೆ ಬರುತ್ತದೆ.

ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿ

ಬೆಂಗಳೂರಿನ ಮಕ್ಕಳು ಭಿನ್ನರಾಶಿಯನ್ನು "ಟೂ ಒನ್ ಬೈ ಫೋರ್" ಎಂದು ಓದುತ್ತಾರೆ. ಆ ಓದಿನಲ್ಲಿ ಎರಡಕ್ಕೂ ಒಂದು ಬೈ ನಾಲ್ಕಕ್ಕೂ ಏನು ಸಂಬಂಧ ಎಂಬುದು ಗೊತ್ತಾಗುವುದೇ ಇಲ್ಲ. ಕೂಡಬೇಕೋ ಗುಣಿಸಬೇಕೋ? ಅದನ್ನೇ ಕನ್ನಡದಲ್ಲಿ "ಎರಡೂಕಾಲು" ಎನ್ನಿ. ನಡುವಿನ ಆ "ಊ" ಎರಡನ್ನೂ ಕಾಲನ್ನೂ ಕೂಡಿಸಿಬಿಟ್ಟಿದೆ. ಒಂದೂವರೆ, ಮೂರೂಮುಕ್ಕಾಲು ಕೂಡ ಹೀಗೆಯೇ. ಮಿಶ್ರ ಭಿನ್ನರಾಶಿ ಎಂದರೆ ಕೂಡಿಸಿದ್ದು ಎಂಬ ಪಾಠ ಮಾತಿನಲ್ಲೇ ಇದೆ.

ಎರಡೂಕಾಲನ್ನು ಗುಣಿಸುವ ಮೊದಲು ವಿಷಮ ಭಿನ್ನರಾಶಿ ಮಾಡಿಕೊಳ್ಳಬೇಕು. ಒಂದರಲ್ಲಿ ನಾಲ್ಕು ಕಾಲು, ಎರಡರಲ್ಲಿ ಎಂಟು ಕಾಲು, ಮೇಲೊಂದು ಕಾಲು. ಒಟ್ಟು ಒಂಬತ್ತು ಕಾಲು, ಅಂದರೆ 9/4. "ಕೆಳಗಿನದನ್ನು ಪಕ್ಕದ್ದಕ್ಕೆ ಗುಣಿಸಿ ಮೇಲಿನದನ್ನು ಕೂಡು" ಎಂಬ ಟ್ಯೂಷನ್ ಸೂತ್ರವೂ ಇದೇ. ಆದರೆ ಕಾಲುಗಳನ್ನು ಎಣಿಸಿದ ಮಗು ಸೂತ್ರ ಮರೆತರೂ ತಡವರಿಸುವುದಿಲ್ಲ.

ಇಲ್ಲಿ ಅವಸರ ಮಾಡುವವರು 2 1/4 × 2/3 ಅನ್ನು ಹೀಗೆ ಮಾಡುತ್ತಾರೆ: 2 ಅನ್ನು ಹಾಗೇ ಬಿಟ್ಟು 1/4 × 2/3 = 2/12 ಎಂದು ಬರೆದು, ಉತ್ತರ 2 1/6 ಎನ್ನುತ್ತಾರೆ. ಮೂರರಲ್ಲಿ ಎರಡು ಪಾಲು ತೆಗೆದುಕೊಂಡರೂ ರಿಬ್ಬನ್ ಎರಡು ಮೀಟರಿಗಿಂತ ಕೆಳಗೆ ಇಳಿಯಲೇ ಇಲ್ಲ! ಕಾಲಿಗೆ ಮಾತ್ರ ಕತ್ತರಿ ಬಿತ್ತು, ಎರಡು ಪೂರ್ತಿ ಮೀಟರಿಗೆ ಬೀಳಲಿಲ್ಲ.

ಪ್ರತಿ ಭಿನ್ನರಾಶಿಯ ಪಕ್ಕ "ಯಾವುದರ?" ಎಂದು ಬರೆಯಿರಿ

ಪೆನ್ಸಿಲ್ ಹಿಡಿದು ಲೆಕ್ಕದಲ್ಲಿರುವ ನಾಲ್ಕೂ ಭಿನ್ನರಾಶಿಗಳಿಗೆ ಗುಂಡಗೆ ಸುತ್ತು ಹಾಕಿ. ಒಂದೊಂದರ ಪಕ್ಕದಲ್ಲೂ ಅದು ಯಾವುದರದ್ದು ಎಂದು ಬರೆಯಿರಿ.

2 1/4: ಮೀಟರ್.
2/3: ಇಡೀ ರಿಬ್ಬನ್‌ನದ್ದು.
3/4: ಕತ್ತರಿಸಿದ ತುಂಡಿನದ್ದು.
3/20: ಮೀಟರ್.

ಈಗ ನೋಡಿ, ಎರಡು ಜಾತಿಯ ಭಿನ್ನರಾಶಿಗಳಿವೆ. ಮೀಟರ್ ಎಂಬ ಅಳತೆ ಹೊತ್ತವು ತಾವೇ ಒಂದು ಉದ್ದ, ಸ್ಕೇಲ್ ಇಟ್ಟು ತೋರಿಸಬಹುದು. ಅಳತೆ ಇಲ್ಲದವು ಬರೀ ಪಾಲು. "ಮುಕ್ಕಾಲು ಭಾಗ" ಎಂದಷ್ಟೇ ಹೇಳಿದರೆ ಅದನ್ನು ಸ್ಕೇಲಿನಲ್ಲಿ ತೋರಿಸಲಾಗದು. ಯಾವುದರ ಮುಕ್ಕಾಲು ಎಂದು ಗೊತ್ತಾಗಬೇಕು. ಪಾಲು ಬಂದಲ್ಲಿ ಗುಣಾಕಾರ, ಆ ಪಾಲಿನ ಒಡೆಯನ ಜೊತೆಗೆ.

ಕನ್ನಡದ ವಾಕ್ಯದಲ್ಲಿ ಒಡೆಯ ಮೊದಲೇ ಬರುತ್ತಾನೆ: "ತುಂಡಿನ 3/4", "ಅದರ 2/3". ಆ "ನ", "ರ" ಕಂಡ ಕಡೆ ಗುಣಾಕಾರ ಚಿಹ್ನೆ ಹಾಕಬಹುದು. ಇಂಗ್ಲಿಷ್ ಪುಸ್ತಕದಲ್ಲಿ ಪಾಲು ಮೊದಲು, ಒಡೆಯ ಆಮೇಲೆ. "ಆಫ್ ಅಂದ್ರೆ ಇಂಟು" ಎಂದು ಕಲಿತ ಮಗು ಚಿಹ್ನೆಯನ್ನೇನೋ ಸರಿಯಾಗಿ ಹಾಕುತ್ತದೆ, ಆದರೆ ಒಡೆಯ ಯಾರು ಎಂದು ನೋಡಲು ವಾಕ್ಯದ ಕೊನೆಯವರೆಗೂ ಓದುವುದಿಲ್ಲ. ಪುಸ್ತಕ ಯಾವ ಮಾಧ್ಯಮದ್ದೇ ಆಗಿರಲಿ, ಲೆಕ್ಕವನ್ನು ಮನೆಯ ಮಾತಿನಲ್ಲಿ ಒಮ್ಮೆ ಹೇಳಿಸುವುದು ಒಳ್ಳೆಯದು ಎನ್ನುವುದು ಇದಕ್ಕೇ.

ಪಾಲಿನ ಪಾಲು ನಮಗೆ ಹೊಸದೇನಲ್ಲ. ಸೇರಿನ ಕಾಲು ಭಾಗ ಪಾವು. ಅರ್ಧ ಪಾವು ಅಕ್ಕಿ ಎಂದರೆ ಸೇರಿನ ಕಾಲಿನ ಅರ್ಧ, 1/2 × 1/4 = 1/8 ಸೇರು. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯ ಇಂಥ ಭಾಗದ ಭಾಗವನ್ನು "ಪ್ರಭಾಗ" ಎಂಬ ಹೆಸರಿನಲ್ಲಿ ಬೇರೆಯಾಗಿಯೇ ವಿವರಿಸಿದ್ದಾನೆ.

ಎರಡು ಗುಣಾಕಾರ

ಮೊದಲನೆಯದು, ವಾರ್ಷಿಕೋತ್ಸವಕ್ಕೆ ಕತ್ತರಿಸಿದ ತುಂಡು:

9/4 × 2/3 = 18/12 = 3/2 ಮೀಟರ್

ಅಂದರೆ ಒಂದೂವರೆ ಮೀಟರ್. ಎರಡನೆಯದು, ಆ ತುಂಡಿನಲ್ಲಿ ಹೂವಿಗೆ ತೆಗೆದಿಟ್ಟಿದ್ದು:

3/2 × 3/4 = 9/8 ಮೀಟರ್

ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಅಂಶವನ್ನು ಅಂಶದಿಂದ, ಛೇದವನ್ನು ಛೇದದಿಂದ ಗುಣಿಸಿದ್ದಷ್ಟೇ. ಗುಣಾಕಾರಕ್ಕೆ ಛೇದಗಳನ್ನು ಸಮ ಮಾಡಿಕೊಳ್ಳಬೇಕಿಲ್ಲ. ಹಿಂದಿನ ವಾರ ಸಂಕಲನ ಕಲಿತ ಮಗು ಇಲ್ಲೂ ಲಸಾಅ ಹುಡುಕಲು ಕೂರಬಹುದು. ಉತ್ತರವೇನೂ ತಪ್ಪುವುದಿಲ್ಲ, ಅಂಕೆಗಳು ಸುಮ್ಮನೆ ದೊಡ್ಡದಾಗುತ್ತವೆ.

ಹೊಡೆದು ಹಾಕುವುದರಲ್ಲಿ, ಅಂದರೆ ಮೇಲೆ ಕೆಳಗೆ ಒಂದೇ ಸಂಖ್ಯೆಯಿಂದ ಭಾಗಿಸಿ ಚಿಕ್ಕದು ಮಾಡುವುದರಲ್ಲಿ, ಒಂದು ಖಾಯಂ ತಪ್ಪಿದೆ. 3/2 × 3/4 ನೋಡಿದ ತಕ್ಷಣ 2 ಮತ್ತು 4 ಕಣ್ಣಿಗೆ ಬೀಳುತ್ತವೆ. ಮಗು ಎರಡನ್ನೂ ಹೊಡೆದು 3/1 × 3/2 = 9/2 ಎಂದು ಬರೆಯುತ್ತದೆ. ಆದರೆ 2 ಮತ್ತು 4 ಎರಡೂ ಕೆಳಗಿನವು. ಮೇಲಿರುವ ಒಂದನ್ನು ಕೆಳಗಿರುವ ಒಂದರ ಜೊತೆ ಮಾತ್ರ ಹೊಡೆಯಬಹುದು, ಏಕೆಂದರೆ ಮೇಲೊಂದು ಸಲ ಕೆಳಗೊಂದು ಸಲ ಒಂದೇ ಸಂಖ್ಯೆಯಿಂದ ಭಾಗಿಸಿದರೆ ಬೆಲೆ ಬದಲಾಗದು. ಕೆಳಗೆ ಎರಡು ಸಲ ಭಾಗಿಸಿದರೆ ಬೆಲೆ ನಾಲ್ಕು ಪಟ್ಟು ಏರಿಬಿಡುತ್ತದೆ. 9/2 ಎಂದರೆ ನಾಲ್ಕೂವರೆ ಮೀಟರ್. ಒಂದೂವರೆ ಮೀಟರ್ ತುಂಡಿನೊಳಗಿಂದ ನಾಲ್ಕೂವರೆ ಮೀಟರ್ ಹೊರಗೆ ಬರಲು ಸಾಧ್ಯವೇ?

ಮೊದಲ ಗುಣಾಕಾರದಲ್ಲಿ ಹೊಡೆಯಲು ಅವಕಾಶ ನಿಜವಾಗಿಯೂ ಇದೆ. 9/4 × 2/3ರಲ್ಲಿ ಮೇಲಿನ 9 ಮತ್ತು ಕೆಳಗಿನ 3, ಮೇಲಿನ 2 ಮತ್ತು ಕೆಳಗಿನ 4. ಹೊಡೆದರೆ 3/2 × 1/1, ನೇರ 3/2. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದಿತೇ ಎಂದು ನೋಡಿಕೊಂಡರೆ ಒಂದು ತಾಳೆಯೂ ಆಯಿತು.

ಎರಡು ಪಾಲುಗಳನ್ನು ಮೊದಲೇ ಸೇರಿಸಿಕೊಂಡರೂ ಆಗುತ್ತದೆ: 2/3 × 3/4 = 6/12 = 1/2. ಅಂದರೆ ಸುಮಾ ಹೂವಿಗೆ ತೆಗೆದಿಟ್ಟಿದ್ದು ಇಡೀ ರಿಬ್ಬನ್‌ನ ಅರ್ಧ. ಎರಡೂಕಾಲಿನ ಅರ್ಧ 9/8. ತಲೆಲೆಕ್ಕಕ್ಕೆ ಇದೇ ಹತ್ತಿರದ ದಾರಿ. ಆದರೆ ಮಧ್ಯದ ತುಂಡು ಎಷ್ಟು ಉದ್ದ ಎಂದು ಪ್ರಶ್ನೆಯಲ್ಲಿ ಕೇಳಿದ್ದರೆ ಅದು ಈ ದಾರಿಯಲ್ಲಿ ಸಿಗುವುದಿಲ್ಲ.

ಭಾಗಾಕಾರ: ತಲೆಕೆಳಗು ಮಾಡುವುದು ಏಕೆ

ಇನ್ನು ಉಳಿದ ಪ್ರಶ್ನೆ: 9/8 ಮೀಟರಿನಲ್ಲಿ 3/20 ಮೀಟರಿನ ತುಂಡುಗಳು ಎಷ್ಟು? "ಇದರಲ್ಲಿ ಅದು ಎಷ್ಟು ಸಲ ಸಿಗುತ್ತದೆ" ಎಂದು ಕೇಳಿದಾಗ ಭಾಗಾಕಾರ. ಕೆ.ಆರ್. ಮಾರ್ಕೆಟ್ಟಿನಲ್ಲಿ ಮಾರುಗಟ್ಟಲೆ ಹೂ ಕೊಂಡು ಮೊಳದ ಲೆಕ್ಕದಲ್ಲಿ ಮಾರುವವರೂ ಮಾಡುವುದು ಇದನ್ನೇ. ಒಂದು ಮಾರಿಗೆ ನಾಲ್ಕು ಮೊಳ, ಮೊಳ ಎಂದರೆ ಕಾಲು ಮಾರು. 1 ÷ 1/4 = 4. ಕಾಲಿನಿಂದ ಭಾಗಿಸಿದರೆ ಉತ್ತರ ದೊಡ್ಡದಾಗುತ್ತದೆ ಎಂದಾಗ ಮಕ್ಕಳಿಗೆ ಬರುವ ಗೊಂದಲ ಈ ಹೂವಿನ ಮೊಳದಲ್ಲಿ ಕರಗುತ್ತದೆ. ಅಳೆಯುವ ಮೊಳ ಚಿಕ್ಕದಾದಷ್ಟೂ ಎಣಿಕೆ ಹೆಚ್ಚು.

ಈಗ 3/20. ಒಂದು ಮೀಟರಿನಲ್ಲಿ ಇಪ್ಪತ್ತನೇ ಒಂದರ ತುಂಡುಗಳು ಇಪ್ಪತ್ತು. ಒಂದು ಹೂವಿಗೆ ಅಂಥ ಮೂರು ತುಂಡು ಬೇಕು. ಆದ್ದರಿಂದ ಒಂದು ಮೀಟರಿಗೆ 20/3 ಹೂ, ಆರು ಹೂ ಮತ್ತು ಇನ್ನೊಂದರ ಮೂರನೇ ಎರಡು ಭಾಗ. 3/20 ತಲೆಕೆಳಗಾಗಿ 20/3 ಆದದ್ದು ಇಲ್ಲಿಯೇ. ಮೊದಲನೆಯದು "ಹೂವಿಗೆ ಎಷ್ಟು ಮೀಟರ್", ಎರಡನೆಯದು "ಮೀಟರಿಗೆ ಎಷ್ಟು ಹೂ". ಪ್ರಶ್ನೆ ಮಗುಚಿದಂತೆ ಭಿನ್ನರಾಶಿಯೂ ಮಗುಚುತ್ತದೆ. ಪಠ್ಯಪುಸ್ತಕ ಇದನ್ನು ವ್ಯುತ್ಕ್ರಮ ಎನ್ನುತ್ತದೆ. ಒಂದು ಮೀಟರಿಗೆ 20/3 ಹೂ ಆದರೆ 9/8 ಮೀಟರಿಗೆ:

9/8 × 20/3 = 180/24 = 15/2 = 7 1/2

ಏಳೂವರೆ. ಭಾಜಕದ ಛೇದವನ್ನು ಅಂಶವಾಗಿ ಮಾಡಿಕೊಂಡು ಗುಣಾಕಾರದಂತೆ ಮುಂದುವರಿಯಬೇಕು ಎಂಬ ಈ ನಿಯಮವನ್ನು ಮಹಾವೀರಾಚಾರ್ಯನೂ ಹೇಳಿದ್ದಾನೆ.

ತಲೆಕೆಳಗು ಮಾಡಬೇಕಾದ್ದು ಎರಡನೆಯದನ್ನು, ಅಂದರೆ ಅಳೆಯುವ ತುಂಡನ್ನು. ಮೊದಲನೆಯದನ್ನು ಮಗುಚಿದರೆ 8/9 × 3/20 = 2/15 ಬರುತ್ತದೆ. ಒಂದು ಮೀಟರಿಗಿಂತ ಹೆಚ್ಚು ರಿಬ್ಬನ್ ಕೈಯಲ್ಲಿದ್ದು, ಸ್ಕೇಲಿನಷ್ಟು ತುಂಡು ಸಾಕಾಗುವ ಹೂ ಒಂದೂ ಆಗುವುದಿಲ್ಲ ಎನ್ನುತ್ತದೆ ಈ ಉತ್ತರ. ಮಗುಚದೆ ಗುಣಿಸಿಬಿಟ್ಟರೆ 27/160, ಅದೂ ಹಾಗೆಯೇ.

ಫೋನಿನ ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡುವವರಿಗೆ ಒಂದು ಎಚ್ಚರಿಕೆ. ಕಂಡಂತೆ ಒತ್ತಿದರೆ ತಪ್ಪುತ್ತದೆ:

```
9/8/3/20      → 0.01875
(9/8)/(3/20)  → 7.5
```

ಮೊದಲ ಸಾಲಿನಲ್ಲಿ ಯಂತ್ರ ಎಡದಿಂದ ಬಲಕ್ಕೆ ಒಂದೊಂದಾಗಿ ಭಾಗಿಸುತ್ತಾ ಹೋಗುತ್ತದೆ. 20 ಎನ್ನುವುದು 3ರ ಛೇದ ಎಂದು ಅದಕ್ಕೆ ಗೊತ್ತಿಲ್ಲ. ಎರಡು ಭಿನ್ನರಾಶಿಗಳಿಗೂ ಆವರಣ ಹಾಕಲೇಬೇಕು.

ಅರ್ಧ ಉಳಿಯಿತು, ಆದರೆ ಯಾವುದರ ಅರ್ಧ?

ಬಲೆ ಇರುವುದು ಇಲ್ಲಿ. ಭಾಗಲಬ್ಧ ಏಳೂವರೆ. ಅರ್ಧ ಹೂ ಮಾಡಲಾಗದು, ಆದ್ದರಿಂದ ಹೂಗಳು 7. ಉಳಿದದ್ದು? ಬಹಳಷ್ಟು ಮಕ್ಕಳು "1/2 ಮೀಟರ್" ಎಂದು ಬರೆಯುತ್ತಾರೆ, ಕೆಲವೊಮ್ಮೆ ದೊಡ್ಡವರೂ ಕೂಡ. ಹಾಗಿದ್ದರೆ ಅರ್ಧ ಮೀಟರಿನಲ್ಲಿ ಇನ್ನೂ ಮೂರು ಹೂ ಮಾಡಬಹುದಿತ್ತಲ್ಲ!

ಮತ್ತೆ ಅದೇ ಪ್ರಶ್ನೆ ಕೇಳಿ: ಯಾವುದರ ಅರ್ಧ? 7 1/2 ಎಂಬುದು ಹೂಗಳ ಎಣಿಕೆ. ಅದರಲ್ಲಿರುವ ಅರ್ಧವೂ ಹೂವಿನದ್ದೇ, ಅಂದರೆ ಒಂದು ಹೂವಿಗೆ ಬೇಕಾದ ರಿಬ್ಬನ್‌ನ ಅರ್ಧ. ಮೀಟರಿನಲ್ಲಿ ಬೇಕಾದರೆ ಪಾಲನ್ನು ಅದರ ಒಡೆಯನ ಜೊತೆ ಗುಣಿಸಿ:

1/2 × 3/20 = 3/40 ಮೀಟರ್

ಅಂದರೆ 7.5 ಸೆಂಟಿಮೀಟರ್, ಅರ್ಧ ಸ್ಕೇಲು.

ಈ ಬಲೆಗೆ ಬೀಳದ ಇನ್ನೊಂದು ದಾರಿ ಇದೆ. ಶೇಷ ಕೇಳುವ ಲೆಕ್ಕಗಳಲ್ಲಿ ಮಗುಚುವುದಕ್ಕಿಂತ ಇದೇ ಮೇಲು. ಎರಡೂ ಉದ್ದಗಳ ಛೇದವನ್ನು ಸಮ ಮಾಡಿಕೊಳ್ಳಿ. 8 ಮತ್ತು 20ರ ಲಸಾಅ 40.

9/8 = 45/40
3/20 = 6/40

ಈಗ ಎಲ್ಲವೂ ನಲವತ್ತನೇ ಒಂದರ ತುಂಡುಗಳು. ಕೈಯಲ್ಲಿ 45 ತುಂಡು, ಒಂದು ಹೂವಿಗೆ 6 ತುಂಡು. 45ರಲ್ಲಿ 6 ಏಳು ಸಲ, 42 ಆಯಿತು, 3 ತುಂಡು ಉಳಿಯಿತು. ಆ ಮೂರು ತುಂಡು 3/40 ಮೀಟರ್. ಶೇಷ ಮೀಟರಿನಲ್ಲೇ ನೇರವಾಗಿ ಕೈಗೆ ಬಂತು, ಯಾವುದರ ಅರ್ಧ ಎಂಬ ಗೊಂದಲಕ್ಕೆ ಎಡೆಯೇ ಇಲ್ಲ. 7 1/2 ಬೇಕಿದ್ದರೆ 45 ÷ 6 ಮಾಡಿದರಾಯಿತು. ಛೇದಗಳು ದೊಡ್ಡದಾಗಿದ್ದಾಗ ಲಸಾಅ ಹುಡುಕುವ ಕೆಲಸ ಹೆಚ್ಚುತ್ತದೆ, ಅದೊಂದೇ ತೊಂದರೆ.

ಕಾಗದದ ಪಟ್ಟಿಯಲ್ಲಿ ತಾಳೆ ನೋಡುವುದು

ಮಗುವಿಗೆ ಇನ್ನೂ ನಂಬಿಕೆ ಬರದಿದ್ದರೆ ಎ4 ಹಾಳೆಯ ಉದ್ದಕ್ಕೆ ಒಂದು ಪಟ್ಟಿ ಕತ್ತರಿಸಿ. ಹಾಳೆಯ ಉದ್ದ 29.7 ಸೆಂಟಿಮೀಟರ್ ಇರುತ್ತದೆ. ನಮಗೆ 22.5 ಸಾಕು, ಉಳಿದದ್ದನ್ನು ಕತ್ತರಿಸಿ ತೆಗೆಯಿರಿ. ಸುಮಾಳ ರಿಬ್ಬನ್ 225 ಸೆಂಟಿಮೀಟರ್, ಇದು ಅದರ ಹತ್ತನೇ ಒಂದು.

ಮೂರು ಮಡಿಕೆ ಸಮನಾಗಿ ಮಡಿಸುವುದು ಕಷ್ಟ, ಸ್ಕೇಲ್ ಇಟ್ಟು 7.5 ಮತ್ತು 15ಕ್ಕೆ ಗುರುತು ಹಾಕುವುದೇ ಸುಲಭ. 15ರಲ್ಲಿ ಕತ್ತರಿಸಿ. ಇದು ವಾರ್ಷಿಕೋತ್ಸವದ ತುಂಡು. ಚಿಕ್ಕ ತುಂಡನ್ನು ಪಕ್ಕಕ್ಕಿಡಿ, ಅದಕ್ಕೆ ಇನ್ನು ಕೆಲಸವಿಲ್ಲ. 15ರ ತುಂಡನ್ನು ಅರ್ಧಕ್ಕೆ ಮಡಿಸಿ ಮತ್ತೆ ಅರ್ಧಕ್ಕೆ ಮಡಿಸಿದರೆ ನಾಲ್ಕು ಭಾಗ. ಒಂದನ್ನು ಕತ್ತರಿಸಿ ತೆಗೆದರೆ 11.25 ಸೆಂಟಿಮೀಟರ್ ಉಳಿಯುತ್ತದೆ. ಅದರ ಮೇಲೆ 1.5 ಸೆಂಟಿಮೀಟರಿಗೊಂದು ಗೆರೆ ಎಳೆಯುತ್ತಾ ಹೋಗಿ. ಏಳು ಮನೆ ಆದಮೇಲೆ ಕೊನೆಯಲ್ಲಿ ಅರ್ಧ ಮನೆ ಉಳಿಯುತ್ತದೆ, ಮುಕ್ಕಾಲು ಸೆಂಟಿಮೀಟರ್. ಹತ್ತು ಪಟ್ಟು ಮಾಡಿದರೆ 7.5.

ಪಟ್ಟಿ ಕತ್ತರಿಸುವಾಗ ಮಗು ಕತ್ತರಿಯನ್ನು ಎಲ್ಲಿಡುತ್ತದೆ ನೋಡುತ್ತಿರಿ. ಮುಕ್ಕಾಲು ಅಳೆಯಲು 22.5ರ ಪೂರ್ತಿ ಪಟ್ಟಿಯನ್ನು ಕೈಗೆತ್ತಿಕೊಂಡರೆ ಅದಕ್ಕೆ ಒಡೆಯ ಯಾರೆಂದು ಇನ್ನೂ ಗೊತ್ತಾಗಿಲ್ಲ ಎಂದರ್ಥ. ಅದು ನೋಟ್‌ಬುಕ್ಕಿನಲ್ಲಿ ಕಾಣದ ತಪ್ಪು.

ಒಂದು ಪದ ಬದಲಾದರೆ

ಅದೇ ಲೆಕ್ಕ, ಅವೇ ಅಂಕೆಗಳು, ಒಂದು ಪದ ಮಾತ್ರ ಬೇರೆ. "ಕತ್ತರಿಸಿದ ತುಂಡಿನ 3/4" ಎಂಬಲ್ಲಿ "ಉಳಿದ ರಿಬ್ಬನ್‌ನ 3/4" ಎಂದಿದ್ದರೆ ಒಡೆಯ ಬದಲಾದ. 2/3 ಹೋದಮೇಲೆ ಉಳಿದದ್ದು 1/3. ಅದರ 3/4 ಎಂದರೆ ಇಡೀ ರಿಬ್ಬನ್‌ನ 1/4. ಹೂವಿಗೆ ಸಿಗುವುದು 9/4 × 1/4 = 9/16 ಮೀಟರ್, ಸುಮಾರು 56 ಸೆಂಟಿಮೀಟರ್. ಹೂಗಳು ಮೂರೇ. ಫೋಟೋದಲ್ಲಿ "ಉಳಿದ" ಎಂಬ ಪದ ಸಾಲಿನ ಅಂಚಿನಲ್ಲಿ ಕತ್ತರಿಸಿ ಹೋಗಿದ್ದರೆ ಉತ್ತರ ಏಳರಿಂದ ಮೂರಕ್ಕೆ ಇಳಿಯುವುದು ನಿಮಗೆ ತಿಳಿಯುವುದೇ ಇಲ್ಲ. ಸಾಲಿನ ಎರಡೂ ತುದಿ ಫೋಟೋದಲ್ಲಿ ಇವೆಯೇ ಎಂದು ನೋಡಿಕೊಳ್ಳಿ.

"ತುಂಡಿನಿಂದ 3/4 ಮೀಟರ್ ತೆಗೆದಳು" ಎಂದಿದ್ದರೆ 3/4 ಈಗ ಪಾಲಲ್ಲ, ಉದ್ದ. ಗುಣಾಕಾರವೇ ಇಲ್ಲ. ತೆಗೆದದ್ದು 75 ಸೆಂಟಿಮೀಟರ್, ತುಂಡಿನಲ್ಲಿ ಉಳಿದದ್ದು 3/2 − 3/4 = 3/4 ಮೀಟರ್. "ಮೀಟರ್" ಎಂಬ ಒಂದು ಪದ ಬಂದದ್ದಕ್ಕೆ ಗುಣಾಕಾರ ಹೋಗಿ ವ್ಯವಕಲನ ಬಂತು.

ಇನ್ನೊಂದು ರೂಪ ಮಕ್ಕಳನ್ನು ಹೆಚ್ಚು ಕಾಡುತ್ತದೆ: "ಸುಮಾ ಹೂವಿಗೆಂದು ತೆಗೆದ 9/8 ಮೀಟರ್, ಅವಳು ಕತ್ತರಿಸಿದ ತುಂಡಿನ 3/4 ಭಾಗ. ತುಂಡಿನ ಉದ್ದ ಎಷ್ಟು?" ಇಲ್ಲಿ "ತುಂಡಿನ" ಎಂಬ "ನ" ಇದೆ, ಆದ್ದರಿಂದ ಮಗು 9/8 × 3/4 ಎಂದು ಬರೆಯುತ್ತದೆ. ಆದರೆ 3/4ರ ಒಡೆಯ 9/8 ಅಲ್ಲ, ಗೊತ್ತಿಲ್ಲದ ಆ ತುಂಡು. ಒಡೆಯನ ಉದ್ದ ಗೊತ್ತಿದ್ದು ಪಾಲು ಬೇಕಾದರೆ ಗುಣಿಸಬೇಕು. ಪಾಲಿನ ಉದ್ದ ಗೊತ್ತಿದ್ದು ಒಡೆಯನೇ ಬೇಕಾದರೆ ಭಾಗಿಸಬೇಕು:

9/8 ÷ 3/4 = 9/8 × 4/3 = 36/24 = 3/2 ಮೀಟರ್

ಮಗುಚದೆಯೂ ಹೇಳಿಕೊಡಬಹುದು. ಮೂರು ಕಾಲು ಸೇರಿ 9/8 ಆದರೆ ಒಂದು ಕಾಲು 3/8, ನಾಲ್ಕು ಕಾಲು 12/8, ಅಂದರೆ ಒಂದೂವರೆ. ಮೊದಲು ಮೂರರಿಂದ ಭಾಗಿಸಿದ್ದು, ಆಮೇಲೆ ನಾಲ್ಕರಿಂದ ಗುಣಿಸಿದ್ದು: 4/3 ಮಾಡಿದ ಕೆಲಸವೇ ಇದು. ಉತ್ತರ ಕೈಯಲ್ಲಿರುವ 9/8ಕ್ಕಿಂತ ದೊಡ್ಡದಿರಬೇಕು, ಇಡೀ ತುಂಡು ತನ್ನ ಮುಕ್ಕಾಲಿಗಿಂತ ಉದ್ದ ತಾನೆ?

ಉತ್ತರ ಬರೆಯುವಾಗ

ಏಳೂವರೆ ಬಂದಾಗ ಏಳು ಎಂದು ಬರೆದೆವು. ಎಲ್ಲ ಕಡೆ ಹಾಗೆ ಕೆಳಗಿಳಿಸುವಂತಿಲ್ಲ. ಇದೇ ಅಳತೆಯ 25 ಹೂ ಬೇಕು, ಎಷ್ಟು ಮೀಟರ್ ರಿಬ್ಬನ್ ತರಬೇಕು ಎಂದು ಕೇಳಿದರೆ 25 × 3/20 = 75/20 = 3 3/4 ಮೀಟರ್. ಪರೀಕ್ಷೆಯಲ್ಲಿ ಮೂರೂಮುಕ್ಕಾಲು ಎಂದೇ ಬರೆಯಬೇಕು. ಚಿಕ್ಕಪೇಟೆಯಲ್ಲಿ ಅಂಗಡಿಯವರು ಪೂರ್ತಿ ಮೀಟರಿನ ಲೆಕ್ಕದಲ್ಲೇ ಕತ್ತರಿಸಿ ಕೊಡುವುದಾದರೆ ನಾಲ್ಕು ಮೀಟರ್ ತರಬೇಕು, ಮೂರು ತಂದರೆ ಇಪ್ಪತ್ತೇ ಹೂ ಆಗುತ್ತದೆ. ಕೈಯಲ್ಲಿರುವುದರಿಂದ ಎಷ್ಟು ಮಾಡಬಹುದು ಎಂದಾಗ ಕೆಳಗಿನ ಪೂರ್ಣಾಂಕ, ಬೇಕಾದ್ದಕ್ಕೆ ಎಷ್ಟು ಕೊಳ್ಳಬೇಕು ಎಂದಾಗ ಮೇಲಿನದು.

ನೋಟ್‌ಬುಕ್ಕಿನಲ್ಲಿ ಕೊನೆಯ ಸಾಲು ಹೀಗಿರಲಿ: "ಸುಮಾ 7 ಹೂ ಮಾಡಬಹುದು, 3/40 ಮೀಟರ್ ರಿಬ್ಬನ್ ಉಳಿಯುತ್ತದೆ." ಬರೀ 7 1/2 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರೆ ಕೇಳಿದ ಎರಡು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಬರೆದಂತಾಗಲಿಲ್ಲ.